ಡಿಶ್‌ವಾಶರ್‌ಗೆ ಯಾವ ಪಾತ್ರೆ ಹಾಕಬಹುದು?

ಹಬ್ಬದ ಮರುದಿನ ನೆರೆಮನೆಯ ಸೊಸೆ ಒಂದು ಅಲ್ಯೂಮಿನಿಯಂ ಪಾತ್ರೆ ಹಿಡಿದುಕೊಂಡು ಬಂದಳು. ನೆಂಟರೆಲ್ಲ ಹೋದ ಮೇಲೆ ಬಿರಿಯಾನಿ ಪಾತ್ರೆಯನ್ನೂ ತಟ್ಟೆ ಲೋಟಗಳ ಜೊತೆ ಡಿಶ್‌ವಾಶರ್‌ಗೆ ಹಾಕಿದ್ದಳಂತೆ. ಬೆಳ್ಳಗೆ ಹೊಳೆಯುತ್ತಿದ್ದ ಪಾತ್ರೆ ಮಸಿ ಬಳಿದ ಹಾಗೆ ಬೂದು ಬಣ್ಣವಾಗಿ ಹೊರಬಂದಿತ್ತು. "ಅಡುಗೆ ಸುಟ್ಟ ಕಲೆಯೂ ಅಲ್ಲ, ಉಜ್ಜಿದರೆ ಕೈಗೆ ಹತ್ತುತ್ತದೆ. ಇನ್ನು ಇದರಲ್ಲಿ ಅಡುಗೆ ಮಾಡಬಹುದಾ ಅಕ್ಕಾ?" ಎಂದು ಕೇಳಿದಳು.

ಅಲ್ಯೂಮಿನಿಯಂ ಗಾಳಿಗೆ ಸೋಕಿದ ಕೂಡಲೇ ಅದರ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಕಟ್ಟಿಕೊಳ್ಳುತ್ತದೆ. ಒಳಗಿನ ಲೋಹವನ್ನು ಕಾಯುವುದೇ ಈ ಪದರ. ಇದಕ್ಕೆ ಎರಡು ಶತ್ರುಗಳು: ಒಂದು ಹುಳಿ, ಇನ್ನೊಂದು ಕ್ಷಾರ. ಡಿಶ್‌ವಾಶರ್‌ಗೆ ಹಾಕುವ ಪುಡಿ ಅಥವಾ ಮಾತ್ರೆಯಲ್ಲಿ ಜಿಡ್ಡನ್ನು ಕರಗಿಸಲೆಂದು ವಾಷಿಂಗ್ ಸೋಡಾದಂಥ ಕ್ಷಾರ ವಸ್ತುಗಳಿರುತ್ತವೆ. ಕೈಯಿಂದ ಪಾತ್ರೆ ತೊಳೆಯುವ ಸೋಪಿನಲ್ಲೂ ಒಂದಿಷ್ಟು ಕ್ಷಾರ ಇರಬಹುದು. ಆದರೆ ನಾವು ತೊಳೆಯುವುದು ತಣ್ಣೀರಿನಲ್ಲಿ, ಅದೂ ಎರಡು ನಿಮಿಷ. ಯಂತ್ರದೊಳಗೆ 60ರಿಂದ 70 ಡಿಗ್ರಿಯ ನೀರು ಒಂದು ಗಂಟೆಗೂ ಹೆಚ್ಚು ಕಾಲ ಪಾತ್ರೆಗೆ ಹೊಡೆಯುತ್ತಲೇ ಇರುತ್ತದೆ. ಅಷ್ಟು ಹೊತ್ತಿಗೆ ರಕ್ಷಣೆಯ ಪದರ ಕರಗಿ, ಬರಿ ಲೋಹದ ಮೇಲೆ ಬೂದು ಬಣ್ಣದ ಪುಡಿ ಕೂರುತ್ತದೆ. ಗಟ್ಟಿ ಲೇಪನ ಕೊಟ್ಟ ಕಪ್ಪು ಅಲ್ಯೂಮಿನಿಯಂ ಪಾತ್ರೆಗಳ ಹಣೆಬರಹವೂ ಬಹುತೇಕ ಇದೇ.

ಪಾತ್ರೆ ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಒಳಗೆ ಒತ್ತಿ ಒರೆಸಿ ನೋಡಿ. ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಅದರಲ್ಲಿ ಅಡುಗೆ ಬೇಡ. ಕಲೆ ಮುಳುಗುವಷ್ಟು ನೀರು ಹಾಕಿ, ಲೀಟರಿಗೆ ಎರಡು ದೊಡ್ಡ ಚಮಚ ವಿನೆಗರ್ ಅಥವಾ ಎರಡು ನಿಂಬೆಹಣ್ಣಿನ ರಸ ಸೇರಿಸಿ ಹತ್ತು ಹದಿನೈದು ನಿಮಿಷ ಕುದಿಸಿ. ನೀರು ಚೆಲ್ಲಿ, ಮೆದುವಾದ ಸ್ಕ್ರಬರ್‌ನಿಂದ ಉಜ್ಜಿ, ಚೆನ್ನಾಗಿ ತೊಳೆದು ಒಣಗಿಸಿ. ಮತ್ತೆ ಬಟ್ಟೆಯಿಂದ ಪರೀಕ್ಷಿಸಿ. ಆಕೆಯ ಪಾತ್ರೆ ಎರಡನೇ ಸಲ ಕುದಿಸಿದ ಮೇಲೆ ಸರಿಹೋಯಿತು, ಮೊದಲಿನ ಹೊಳಪು ಮಾತ್ರ ಬರಲಿಲ್ಲ. ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಈ ಉಪಾಯ ನಡೆಯದು. ಅಂಥದ್ದನ್ನು ಅಕ್ಕಿ ಅಳೆಯಲು ಇಟ್ಟುಕೊಳ್ಳಿ.

ಅಪ್ಪಿತಪ್ಪಿ ಒಂದು ಸಲ ಅಂಥ ಪಾತ್ರೆಯಲ್ಲಿ ಉಂಡರೆ ಗಾಬರಿ ಬೇಡ. ಹೊಟ್ಟೆಗೆ ಹೋದ ಅಲ್ಯೂಮಿನಿಯಂನಲ್ಲಿ ಬಹುಪಾಲು ರಕ್ತಕ್ಕೆ ಸೇರದೆ ಹೊರಹೋಗುತ್ತದೆ, ಸೇರಿದ ಅಲ್ಪವನ್ನು ಮೂತ್ರಪಿಂಡ ಹೊರಹಾಕುತ್ತದೆ. ಮನೆಯಲ್ಲಿ ಮೂತ್ರಪಿಂಡದ ತೊಂದರೆ ಇರುವವರಿದ್ದರೆ ಮಾತ್ರ ಹೆಚ್ಚು ಎಚ್ಚರ ಬೇಕು.

ನಾನ್‌ಸ್ಟಿಕ್ ತವೆ ಹಾಳಾಗುವುದೂ ಹೆಚ್ಚಾಗಿ ಈ ಅಲ್ಯೂಮಿನಿಯಂನಿಂದಲೇ. ಮೇಲಿನ ಲೇಪನಕ್ಕೆ ಕ್ಷಾರ ಅಷ್ಟಾಗಿ ತಾಗುವುದಿಲ್ಲ. ಆದರೆ ತವೆಯ ಅಂಚಿನಲ್ಲಿ, ಹಿಡಿಕೆಯ ಮೊಳೆಯ ಸುತ್ತ, ಗೀರು ಬಿದ್ದಲ್ಲಿ ಕೆಳಗಿನ ಲೋಹ ಬಯಲಾಗಿರುತ್ತದೆ. ಕ್ಷಾರ ಅಲ್ಲಿಂದ ನುಗ್ಗಿ ಲೋಹವನ್ನು ತಿನ್ನುತ್ತಾ ಹೋದಂತೆ ಮೇಲಿನ ಲೇಪನ ಸಿಪ್ಪೆಯಂತೆ ಏಳುತ್ತದೆ. ತಳದಲ್ಲಿ ಡಿಶ್‌ವಾಶರ್ ಗುರುತು ಇದ್ದರೂ ನಾನಂತೂ ಕೈಯಲ್ಲೇ ತೊಳೆಯುತ್ತೇನೆ. ಒರೆಸಿದರೆ ಹೋಗುವ ಜಿಡ್ಡಿಗೆ ಯಂತ್ರವೇಕೆ?

ಬೀಡು ಕಬ್ಬಿಣದ ದೋಸೆ ಕಾವಲಿಯದ್ದು ಬೇರೆ ಕತೆ. ವರ್ಷಗಟ್ಟಲೆ ಎಣ್ಣೆ ಸವರಿ ಕಾಯಿಸಿದಾಗ ಆ ಎಣ್ಣೆಯೇ ಗಟ್ಟಿಯಾಗಿ ಕಬ್ಬಿಣಕ್ಕೆ ಅಂಟಿ ಕಪ್ಪು ಪದರವಾಗುತ್ತದೆ. ದೋಸೆ ಸಲೀಸಾಗಿ ಏಳುವುದು ಅದರಿಂದಲೇ. ಜಿಡ್ಡು ತೆಗೆಯಲೆಂದೇ ಇರುವ ಯಂತ್ರ ಈ ಪದರವನ್ನೂ ಕಿತ್ತುಹಾಕುತ್ತದೆ. ಆಮೇಲೆ ಯಂತ್ರದೊಳಗಿನ ಹಬೆಯಲ್ಲೇ ಕಾವಲಿಗೆ ಕೆಂಪು ತುಕ್ಕು ಹಿಡಿಯುತ್ತದೆ. ಹಾಗಾದರೆ ಎಸೆಯಬೇಡಿ. ತುಕ್ಕು ಪೂರ್ತಿ ಹೋಗುವವರೆಗೆ ಕಬ್ಬಿಣದ ಉಜ್ಜುಗದಿಂದ ತಿಕ್ಕಿ ತೊಳೆದು, ಒಲೆಯ ಮೇಲಿಟ್ಟು ನೀರಿನ ಪಸೆ ಆರಿಸಿ. ತೆಳುವಾಗಿ ಎಣ್ಣೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ, ಹೊಗೆ ಏಳುವವರೆಗೆ ಕಾಯಿಸಿ ತಣಿಯಲು ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಮತ್ತೆ ಪಳಗುತ್ತದೆ. ಎಣ್ಣೆ ಹೆಚ್ಚಾದರೆ ಅಂಟಂಟಾಗಿ ಉಳಿಯುತ್ತದೆ, ಅದೊಂದು ನೆನಪಿರಲಿ.

ಮರದ ಸೌಟು, ತರಕಾರಿ ಹೆಚ್ಚುವ ಹಲಗೆ ಬಿಸಿನೀರು ಹೀರಿ ಉಬ್ಬುತ್ತವೆ, ಬಿಸಿಗಾಳಿಗೆ ಕುಗ್ಗುತ್ತವೆ. ಈ ಹಿಗ್ಗು ಕುಗ್ಗಿನಲ್ಲಿ ಸೀಳು ಬಿಟ್ಟು, ಸೀಳಿನೊಳಗೆ ಮಾಂಸ ಮೀನಿನ ಕಣ ಮತ್ತು ತೇವ ಸೇರಿಕೊಳ್ಳುತ್ತದೆ. ಹಾಗೆ ಸೀಳಿದ ಹಲಗೆಯಲ್ಲಿ ಮೀನು ಹೆಚ್ಚುವುದನ್ನು ಬಿಟ್ಟುಬಿಡಿ.

ಸ್ಟೀಲ್ ಪಾತ್ರೆ, ಗಾಜಿನ ಲೋಟ, ಪಿಂಗಾಣಿ ತಟ್ಟೆಗಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಚಿನ್ನದ ಅಂಚಿನ ತಟ್ಟೆಗಳನ್ನು ಮಾತ್ರ ಹೊರಗಿಡಿ, ಅಂಚು ಮಾಸುತ್ತದೆ. ಸ್ಟೀಲ್ ಕುಕ್ಕರ್ ಹಾಕುವುದಾದರೆ ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆದು ಬೇರೆ ತೊಳೆಯಿರಿ. ಮುಚ್ಚಳವನ್ನು ಮತ್ತೆ ಹಾಕುವ ಮೊದಲು ಆವಿ ಹೋಗುವ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ. ಬೇರೆ ಪಾತ್ರೆಯಿಂದ ಬಂದ ಒಂದು ಅನ್ನದ ಅಗುಳು ಅಲ್ಲಿ ಸಿಕ್ಕಿಕೊಂಡಿರಬಹುದು.