ಯೋಜನೆಯ ಬಜೆಟ್‌ನಲ್ಲಿ ಸಿಬ್ಬಂದಿ ವೆಚ್ಚ

ಸಿಬ್ಬಂದಿ ವೆಚ್ಚವೆಂದರೆ ನೌಕರರ ಕೈಗೆ ಸೇರುವ ಸಂಬಳವಲ್ಲ. ಅವರನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ಸಂಸ್ಥೆಯ ಖಾತೆಯಿಂದ ಹೋಗುವ ಒಟ್ಟು ಹಣ. ಹಾಗಾಗಿ ಲೆಕ್ಕ ಶುರುವಾಗಬೇಕಾದದ್ದು ಕಡಿತಗಳಿಗೂ ಮೊದಲಿನ ಒಟ್ಟು ವೇತನದಿಂದ.

ಗ್ರಾಮೀಣ ಶಾಲೆಗಳಲ್ಲಿ ಓದಿನ ಕಾರ್ಯಕ್ರಮ ನಡೆಸಲಿರುವ ಸ್ವಯಂಸೇವಾ ಸಂಸ್ಥೆಯೊಂದನ್ನು ಊಹಿಸಿಕೊಳ್ಳಬಹುದು. ಅದರ ಸಂಯೋಜಕರಿಗೆ ತಿಂಗಳಿಗೆ 40,000 ರೂಪಾಯಿ: ಮೂಲ ವೇತನ 20,000, ಮನೆ ಬಾಡಿಗೆ ಭತ್ಯೆ 8,000, ಉಳಿದ ಭತ್ಯೆಗಳು 12,000. ಇಲ್ಲಿ ಭವಿಷ್ಯನಿಧಿಯ ಲೆಕ್ಕ ಮೂಲ ವೇತನದ ಮೇಲೆ. ಸಂಸ್ಥೆಯ ಪಾಲು ಶೇ 12, ಅಂದರೆ 2,400 ರೂಪಾಯಿ. ಆಡಳಿತ ಶುಲ್ಕ ಶೇ 0.5ರಂತೆ 100. ಭವಿಷ್ಯನಿಧಿಗೆ ಹೊಂದಿಕೊಂಡ ವಿಮೆಗೂ ಶೇ 0.5 ಕಟ್ಟಬೇಕು, ಆದರೆ ಅದಕ್ಕೆ 15,000 ರೂಪಾಯಿ ವೇತನದ ಮಿತಿ ಇರುವುದರಿಂದ 75 ರೂಪಾಯಿ ಸಾಕು. ಕೆಲವು ಸಂಸ್ಥೆಗಳು ಭವಿಷ್ಯನಿಧಿಯನ್ನೂ 15,000ದ ಮಿತಿಯಲ್ಲೇ ಕಟ್ಟುತ್ತವೆ. ಸಂಸ್ಥೆಯ ರೂಢಿ ಯಾವುದೋ ಬಜೆಟ್‌ನಲ್ಲೂ ಅದೇ ಇರಬೇಕು.

ಗ್ರಾಚ್ಯುಟಿಗೆ ವರ್ಷಕ್ಕೆ 15 ದಿನಗಳ ವೇತನವನ್ನು 26 ದಿನಗಳ ತಿಂಗಳಿನ ಲೆಕ್ಕದಲ್ಲಿ ತೆಗೆದಿಡಬೇಕು. ಇಲ್ಲಿ ಅದು ತಿಂಗಳಿಗೆ ಸುಮಾರು 962. ಹಣ ಕೊಡುವ ದಿನ ಬರುವಾಗ ಯೋಜನೆ ಮುಗಿದು ಅನುದಾನ ನಿಂತಿರಬಹುದು. ಅದಕ್ಕೇ ತಿಂಗಳು ತಿಂಗಳು ಎತ್ತಿಡುವುದು ಕ್ಷೇಮ. ಎಲ್ಲವೂ ಸೇರಿ 40,000ದ ಹುದ್ದೆಯ ನಿಜವಾದ ವೆಚ್ಚ 43,537 ರೂಪಾಯಿ.

ಭವಿಷ್ಯನಿಧಿಗೆ ನೌಕರರು ಕೊಡುವ ಶೇ 12ನ್ನು ಇದಕ್ಕೆ ಸೇರಿಸಬಾರದು. ಅದು ಅವರ ಸಂಬಳದಿಂದಲೇ ಕಡಿತವಾಗುವುದರಿಂದ ಸೇರಿಸಿದರೆ ಒಂದೇ ಹಣವನ್ನು ಎರಡು ಸಲ ಎಣಿಸಿದಂತಾಗುತ್ತದೆ. 21,000 ರೂಪಾಯಿವರೆಗಿನ ವೇತನದ ಕ್ಷೇತ್ರ ಕಾರ್ಯಕರ್ತರಿದ್ದು ಸಂಸ್ಥೆ ಇಎಸ್‌ಐ ವ್ಯಾಪ್ತಿಯಲ್ಲಿದ್ದರೆ, ಅವರ ವೇತನದ ಶೇ 3.25 ಸಂಸ್ಥೆಯ ಪಾಲು.

ಇನ್ನು ಅರೆಕಾಲಿಕ ಶ್ರಮ. ಸಂಯೋಜಕರ ಸಮಯದಲ್ಲಿ ಶೇ 60 ಮಾತ್ರ ಈ ಯೋಜನೆಗೆ ಸಲ್ಲುವುದಾದರೆ, ಶೇಕಡಾವಾರನ್ನು ಅನ್ವಯಿಸಬೇಕಾದದ್ದು 43,537ಕ್ಕೆ. ಆಗ ತಿಂಗಳ ಪಾಲು 26,122. ಬರೀ ಸಂಬಳಕ್ಕೆ ಅನ್ವಯಿಸಿ 24,000 ಎಂದು ಬರೆದರೆ ವರ್ಷಕ್ಕೆ ಸುಮಾರು 25,500 ರೂಪಾಯಿ ಕೊರತೆ ಬೀಳುತ್ತದೆ. ಈ ಯೋಜನೆಯ ಶಾಲೆಗಳಿಗೆ ಹೋಗಿಬರುವ ಬಸ್ ಖರ್ಚು, ದಿನಭತ್ಯೆಗಳಿಗೆ ಶೇಕಡಾವಾರು ಹತ್ತುವುದಿಲ್ಲ. ಅವು ಪೂರ್ತಿಯಾಗಿ ಪ್ರಯಾಣದ ಬಾಬ್ತಿಗೆ ಸೇರುತ್ತವೆ.

ಉಳಿದ ಶೇ 40ಕ್ಕೆ ಹಣ ಎಲ್ಲಿಂದ ಎಂಬುದಕ್ಕೂ ಉತ್ತರ ಇರಬೇಕು. ಒಬ್ಬರ ಹೆಸರು ಮೂರು ಬಜೆಟ್‌ಗಳಲ್ಲಿದ್ದು ಶೇಕಡಾವಾರುಗಳ ಮೊತ್ತ 100 ದಾಟಿದರೆ, ಲೆಕ್ಕಪರಿಶೋಧಕರ ಆಕ್ಷೇಪಕ್ಕೆ ಆಸ್ಪದವಾಗುತ್ತದೆ. ಅನುದಾನ ಕೇಳುವ ಮೊದಲೇ ಎಲ್ಲ ಯೋಜನೆಗಳ ಶೇಕಡಾವಾರುಗಳನ್ನು ಒಂದೇ ಹಾಳೆಯಲ್ಲಿಟ್ಟು ಕೂಡಿ ನೋಡಬೇಕು. ಕೆಲಸ ಶುರುವಾದ ಮೇಲೆ ಹಾಕಿದ ಅಂದಾಜಿಗೂ ನಿಜವಾಗಿ ದುಡಿದ ಸಮಯಕ್ಕೂ ತಾಳೆಯಿದೆಯೇ ಎಂಬುದು ಪ್ರತಿ ತಿಂಗಳ ಸಮಯಪಟ್ಟಿಯಿಂದ ತಿಳಿಯುತ್ತದೆ.