ಕಿಡಿ ಬಂದರೆ ಮೊದಲು ಮೇನ್, ಆಮೇಲೆ ಫೋನ್

ಹೋದ ತಿಂಗಳು ರಾತ್ರಿ ಹಾಸನದಿಂದ ಅಮ್ಮನ ಫೋನ್. "ಗೀಸರ್ ಸ್ವಿಚ್ಚಲ್ಲಿ ಚಟಚಟ ಅಂತ ಕಿಡಿ ಬರ್ತಿದೆ ಕಣೋ, ಆಫ್ ಮಾಡ್ಲಾ?"

"ಅದನ್ನ ಮುಟ್ಬೇಡಮ್ಮ, ಮೇನ್ ಆಫ್ ಮಾಡು" ಅಂದೆ. ಮೇನ್ ಯಾವುದು ಅಂತ ಅಮ್ಮನಿಗೆ ಗೊತ್ತಿರಲಿಲ್ಲ. ಅಪ್ಪ ಹುಡುಕಿ ಇಳಿಸಿದರು.

"ತಾನಾಗೇ ಯಾಕೆ ಟ್ರಿಪ್ ಆಗ್ಲಿಲ್ಲ?" ಅಂತ ಅಪ್ಪ ಕೇಳಿದರು. ಎಂಸಿಬಿ ಬೀಳೋದು ಮಿತಿ ಮೀರಿ ಕರೆಂಟ್ ಹರಿದಾಗ. ವೈರ್ ಸಡಿಲವಾಗಿ ಕಿಡಿ ಹಾರುವಾಗ ಗೀಸರ್ ಎಳೆಯೋ ಕರೆಂಟ್ ಎಂದಿಗಿಂತ ಹೆಚ್ಚಾಗಲ್ಲ, ಆ ಸಡಿಲ ಜಾಗ ಮಾತ್ರ ಕಾದು ಸುಡುತ್ತೆ. ಹಾಗಾಗಿ ಕಾಯಬಾರದು, ಕೈಯಾರೆ ಇಳಿಸಬೇಕು.

ಶನಿವಾರ ಊರಿಗೆ ಹೋಗಿ ಮೇನ್ ಸ್ವಿಚ್ಚಿಗೆ ಕೆಂಪು ಟೇಪ್ ಅಂಟಿಸಿದೆ. ಒಣ ಕೈ, ಕಾಲಿಗೆ ಚಪ್ಪಲಿ, ಪಕ್ಕದಲ್ಲಿ ಟಾರ್ಚ್. ಇಬ್ಬರಿಂದಲೂ ಒಂದೊಂದು ಸಲ ಆಫ್ ಮಾಡಿಸಿದೆ. ನೋಡಿದ್ರೆ ಹಾಲ್ ಲೈಟ್ ಆರಲೇ ಇಲ್ಲ! ಮೇನ್ ಇಳಿಸಿದ ಕೂಡಲೇ ಯುಪಿಎಸ್ ಶುರುವಾಗಿತ್ತು. ಯುಪಿಎಸ್ ಲೈನಿನ ಬೋರ್ಡಲ್ಲಿ ಕಿಡಿ ಬಂದಿದ್ದರೆ ಮೇನ್ ಇಳಿಸಿಯೂ ಪ್ರಯೋಜನವಿರಲಿಲ್ಲ. ಅದರ ಸ್ವಿಚ್ಚಿಗೂ ಕೆಂಪು ಟೇಪ್ ಬಿತ್ತು. ಮೊದಲು ಮೇನ್, ಆಮೇಲೆ ಯುಪಿಎಸ್. ಎಲೆಕ್ಟ್ರಿಷಿಯನ್ ನೋಡುವವರೆಗೆ ಎರಡನ್ನೂ ಹಾಕೋ ಹಾಗಿಲ್ಲ.

ಮೇನ್ ಬೋರ್ಡಲ್ಲೇ ಕಿಡಿ ಬಂದರೆ ಮಾತ್ರ ಮುಟ್ಟಬಾರದು, ಅಲ್ಲಿವರೆಗಿನ ವೈರಲ್ಲಿ ಕರೆಂಟ್ ಇದ್ದೇ ಇರುತ್ತೆ. ಹೊರಗೆ ಬಂದು 1912ಕ್ಕೆ ಫೋನ್ ಮಾಡಬೇಕು. ಬೆಂಕಿ ಹತ್ತಿದರೆ ನೀರು ಎರಚದೆ ಹೊರಬಂದು 112.

ಎಲೆಕ್ಟ್ರಿಷಿಯನ್ ಬಂದು ಗೀಸರ್ ಸ್ವಿಚ್ ಬಿಚ್ಚಿದಾಗ ಸ್ಕ್ರೂ ಸಡಿಲವಾಗಿತ್ತು, ವೈರ್ ಕರಕಲಾಗಿತ್ತು. ಅಮ್ಮ ಮೆಲ್ಲಗೆ ಅಂದಳು: "ವಾರದಿಂದ ಸುಟ್ಟ ವಾಸನೆ ಬರ್ತಿತ್ತು. ಪಕ್ಕದ ಮನೆಯವ್ರು ಏನೋ ಸುಡ್ತಿದಾರೆ ಅನ್ಕೊಂಡಿದ್ದೆ."