ಪರದೇಶದಿಂದ ಬಂದ ಕಾಗದ: ನಮ್ಮ ಜಾಗಾ ಯಾವ ತಾಲೂಕು, ಯಾವ ವಾರ್ಡು?

ಮಗ ಇಂಜಿನಿಯರು. ದುಬೈನಲ್ಲಿ ಕೆಲಸ. ತಾಯಿ ರಾಣೆಬೆನ್ನೂರಿನಲ್ಲಿ ಇದ್ದಾರೆ. ತಂದೆ ತೀರಿಕೊಂಡಿದ್ದಾರೆ. ಅವರು 1994ರಲ್ಲಿ ಒಂದು ಪ್ಲಾಟು ಕೊಂಡಿದ್ದರು. ಅಗಲ 30 ಅಡಿ, ಉದ್ದ 40 ಅಡಿ. ಮನೆ ಕಟ್ಟಲಿಲ್ಲ, ಬೇಲಿಯನ್ನೂ ಹಾಕಲಿಲ್ಲ. ಈಗ ಪಕ್ಕದವರ ಗಡಿಕಲ್ಲು ಒಳಗೆ ಸರಿದಿದೆ ಎಂದು ಸುದ್ದಿ ಬಂದಿದೆ. ಪ್ಲಾಟು ಇನ್ನೂ ತಂದೆಯ ಹೆಸರಿನಲ್ಲೇ ಇದೆ. ಹೀಗೆ ಇದೆ ಎಂದು ಇಟ್ಟುಕೊಳ್ಳಿ.

ಮಗ ಅಲ್ಲಿಂದ ಒಂದು ಕಾಗದ ಬರೆದ. ರಾಣೆಬೆನ್ನೂರು ನಗರಸಭೆಗೆ ಕಳಿಸಿದ. ಓದಿ ನೋಡೋಣ.

"ಮಾನ್ಯರೇ, ಬೆನ್ನೂರಿನಲ್ಲಿ ಹೆದ್ದಾರಿಯ ಹತ್ತಿರ ನಮ್ಮ ತಂದೆಯವರ ಪ್ಲಾಟು ಇದೆ. ಅದು ಯಾವ ವಾರ್ಡು? ಯಾವ ತಾಲೂಕು? ದಯವಿಟ್ಟು ತಿಳಿಸಿ."

ಹುಡುಗ ಕಲಿತವನು, ಬರವಣಿಗೆಯೂ ಚೆಂದ. ಆದರೆ ಈ ಕಾಗದಕ್ಕೆ ಯಾರೂ ಉತ್ತರ ಕೊಡಲಾರರು. ಯಾಕೆ?

'ಬೆನ್ನೂರು' ಎಂದರೆ ಯಾವ ಬೆನ್ನೂರು? ನಮ್ಮ ಕಡೆ ರಾಣೆಬೆನ್ನೂರು ಇದೆ, ಮೋಟೆಬೆನ್ನೂರೂ ಇದೆ. ಎರಡೂ ಹೆದ್ದಾರಿಯ ಮೇಲೆಯೇ ಇವೆ. ಹಾವೇರಿಯಿಂದ ರಾಣೆಬೆನ್ನೂರಿಗೆ ಹೊರಟರೆ ನಡುವೆ ಮೋಟೆಬೆನ್ನೂರು ಸಿಗುತ್ತದೆ. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹದೇವಪ್ಪನವರು ಹುಟ್ಟಿದ ಊರು ಅದು. ಮೋಟೆಬೆನ್ನೂರು ಹಾವೇರಿ ತಾಲೂಕೂ ಅಲ್ಲ, ರಾಣೆಬೆನ್ನೂರು ತಾಲೂಕೂ ಅಲ್ಲ. ಅದು ಬ್ಯಾಡಗಿ ತಾಲೂಕು. ಬಸ್ಸಿನಲ್ಲಿ ಕೂತವರಿಗೆ ತಾಲೂಕಿನ ಗಡಿ ಕಾಣುವುದಿಲ್ಲ. ಕಾಗದಪತ್ರದಲ್ಲಿ ಮಾತ್ರ ಕಾಣುತ್ತದೆ.

ಹಾಗಾದರೆ ಆ ಪತ್ರ ತೆಗೆದು ನೋಡೋಣ. ತಾಯಿಯ ಟ್ರಂಕಿನಲ್ಲಿ ಖರೀದಿ ಪತ್ರ ಇದೆ. ಅದರಲ್ಲಿ "ಜಿಲ್ಲಾ ಧಾರವಾಡ, ತಾಲೂಕು ಬ್ಯಾಡಗಿ, ಮೋಟೆಬೆನ್ನೂರು ಗ್ರಾಮ" ಎಂದು ಬರೆದಿದೆ. ಕೆಳಗೆ ಸರ್ವೆ ನಂಬರು, ಪ್ಲಾಟ್ ನಂಬರು ಇವೆ. ಆಮೇಲೆ ಚಕ್ಕುಬಂದಿ ಇದೆ. ಪೂರ್ವಕ್ಕೆ ಯಾರ ಜಾಗಾ, ಪಶ್ಚಿಮಕ್ಕೆ ಏನು, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು ಎಂದು ಹೇಳುವುದೇ ಚಕ್ಕುಬಂದಿ. ಪತ್ರದ ಹಿಂದೆ ಸಬ್ ರಿಜಿಸ್ಟ್ರಾರ್ ಆಫೀಸಿನ ಶಿಕ್ಕಾ ಇರುತ್ತದೆ. ಹಳೆಯ ಪತ್ರಗಳಲ್ಲಿ ಸಾಮಾನ್ಯವಾಗಿ ಆ ಶಿಕ್ಕಾ ಕೂಡ ತಾಲೂಕಿನ ಗುರುತು ಹೇಳುತ್ತದೆ.

'ಜಿಲ್ಲಾ ಧಾರವಾಡ' ಎಂದು ಓದಿ ತಾಯಿ ಗಾಬರಿಯಾದರು. "ಧಾರವಾಡಕ್ಕೆ ಹೋಗಬೇಕೇನು?" ಎಂದರು. ಬೇಡ. ಹಾವೇರಿ ಬೇರೆ ಜಿಲ್ಲೆ ಆದದ್ದು 1997ರ ಆಗಸ್ಟ್ 24ರಂದು. ಅದಕ್ಕೂ ಮೊದಲಿನ ಪತ್ರಗಳಲ್ಲಿ ಧಾರವಾಡ ಎಂದೇ ಇರುತ್ತದೆ. ಪತ್ರ ಸುಳ್ಳಾಗುವುದಿಲ್ಲ. ಜಿಲ್ಲೆಯ ಹೆಸರು ಬದಲಾಯಿತು, ಮೋಟೆಬೆನ್ನೂರಿನ ತಾಲೂಕು ಬದಲಾಗಲಿಲ್ಲ. ಆದರೆ ಎಲ್ಲ ಕಡೆಯೂ ಹೀಗೇ ಎಂದು ತಿಳಿಯಬೇಡಿ. ರಟ್ಟೀಹಳ್ಳಿ ಮೊದಲು ಹಿರೇಕೆರೂರು ತಾಲೂಕಿನಲ್ಲಿತ್ತು. 2018ರ ನಂತರ ಅದೇ ಒಂದು ತಾಲೂಕು. ಆ ಕಡೆ ಜಾಗಾ ಇದ್ದವರು ಹಳೆ ಪತ್ರ ನೋಡಿ ಸುಮ್ಮನಾಗಬಾರದು. ಈಗ ಯಾವ ತಾಲೂಕು ಎಂದು ಕೇಳಲೇಬೇಕು.

ತಾಲೂಕಿನ ವಿಷಯ ತಿಳಿಯಿತು. ಇನ್ನು ವಾರ್ಡು.

ನಗರಸಭೆ, ಪುರಸಭೆ ಇದ್ದಲ್ಲಿ ಊರನ್ನು ವಾರ್ಡುಗಳಾಗಿ ಹಂಚಿರುತ್ತಾರೆ. ಹಾವೇರಿ, ರಾಣೆಬೆನ್ನೂರಿನಲ್ಲಿ ನಗರಸಭೆ ಇದೆ. ಬ್ಯಾಡಗಿಯಲ್ಲಿ ಪುರಸಭೆ ಇದೆ. ವಾರ್ಡು ಮಾಡುವುದು ಮುಖ್ಯವಾಗಿ ಚುನಾವಣೆಗಾಗಿ. ಊರು ಬೆಳೆದಂತೆ, ಜನ ಹೆಚ್ಚಿದಂತೆ ವಾರ್ಡುಗಳನ್ನು ಮತ್ತೆ ಹಂಚುತ್ತಾರೆ. ನಿನ್ನೆ 5ನೇ ವಾರ್ಡು ಆಗಿದ್ದ ಓಣಿ ನಾಳೆ 7ನೇ ವಾರ್ಡು ಆಗಬಹುದು. ಜಾಗಾ ಮಾತ್ರ ಇದ್ದಲ್ಲೇ ಇರುತ್ತದೆ. ಅದಕ್ಕೇ ಬರೀ ವಾರ್ಡ್ ನಂಬರು ಹಿಡಿದು ಜಾಗಾ ಹುಡುಕುವುದು ಕಷ್ಟ. ಸರ್ವೆ ನಂಬರು, ಪ್ಲಾಟ್ ನಂಬರು, ಚಕ್ಕುಬಂದಿ ಹಿಡಿದು ಹುಡುಕಬೇಕು.

ಮೋಟೆಬೆನ್ನೂರು ಹಳ್ಳಿ. ಅಲ್ಲಿ ಇರುವುದು ಗ್ರಾಮ ಪಂಚಾಯತಿ. ಪಂಚಾಯತಿ ಚುನಾವಣೆಗೂ ವಾರ್ಡು ಇರುತ್ತವೆ, ನಿಜ. ಆದರೆ ಈ ಪ್ಲಾಟು ಯಾವ ನಗರಸಭೆಯ ವಾರ್ಡಿನಲ್ಲೂ ಇಲ್ಲ. ಮಗ ಕೇಳಬೇಕಾದ ಪ್ರಶ್ನೆಯೇ ಬೇರೆ. "ಈ ಪ್ಲಾಟಿಗೆ ಪಂಚಾಯತಿಯಲ್ಲಿ ಆಸ್ತಿ ನಂಬರು ಎಷ್ಟು? ಯಾರ ಹೆಸರಿನಲ್ಲಿ ಇದೆ? ತೆರಿಗೆ ಎಷ್ಟು ಬಾಕಿ?" ಎಂದು ಕೇಳಬೇಕಿತ್ತು. ನಿಮ್ಮ ಜಾಗಾ ಪಂಚಾಯತಿಯದೋ ಪುರಸಭೆಯದೋ ಎಂಬ ಅನುಮಾನ ಇದ್ದರೆ ಹಳೆ ತೆರಿಗೆ ಪಾವತಿ ತೆಗೆಯಿರಿ. ಅದರ ತಲೆಯ ಮೇಲೆ ಯಾವ ಆಫೀಸಿನ ಹೆಸರು ಅಚ್ಚಾಗಿದೆ, ಓದಿ. ಊರಿನ ಅಂಚಿನಲ್ಲಿದ್ದ ಹಳ್ಳಿಯ ಜಾಗಾ ಆಮೇಲೆ ಪಟ್ಟಣಕ್ಕೆ ಸೇರಿದ್ದೂ ಇರುತ್ತದೆ. ಪಾವತಿ ಬಹಳ ಹಳೆಯದಾದರೆ ಆಫೀಸಿನಲ್ಲಿ ಮತ್ತೆ ಕೇಳಿ.

ಈಗ ಕಾಗದವನ್ನು ಹೊಸದಾಗಿ ಬರೆಯೋಣ. ತಾಯಿಯೇ ಬರೆದು ಸಹಿ ಮಾಡಬಹುದು. ಮಗ ಬರುವ ತನಕ ಕಾಯುವುದು ಬೇಡ.

"ಇವರಿಗೆ: ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳು, ಗ್ರಾಮ ಪಂಚಾಯತಿ, ಮೋಟೆಬೆನ್ನೂರು, ತಾಲೂಕು ಬ್ಯಾಡಗಿ, ಜಿಲ್ಲೆ ಹಾವೇರಿ.
ಮಾನ್ಯರೇ, ನನ್ನ ಯಜಮಾನರು ದಿವಂಗತ ........ ಇವರು 1994ರಲ್ಲಿ ಮೋಟೆಬೆನ್ನೂರು ಗ್ರಾಮದ ಸರ್ವೆ ನಂಬರು ........ ರಲ್ಲಿ ಪ್ಲಾಟ್ ನಂಬರು ........ ಕೊಂಡಿದ್ದಾರೆ. ಅಳತೆ 30 ಅಡಿ, 40 ಅಡಿ. ಪೂರ್ವಕ್ಕೆ ........, ಪಶ್ಚಿಮಕ್ಕೆ ........, ಉತ್ತರಕ್ಕೆ ........, ದಕ್ಷಿಣಕ್ಕೆ ......... ಈ ಪ್ಲಾಟು ನಿಮ್ಮ ಪಂಚಾಯತಿಗೆ ಸೇರಿದೆಯೇ? ಸೇರಿದ್ದರೆ ಆಸ್ತಿ ನಂಬರು, ಈಗ ಇರುವ ಹೆಸರು, ಬಾಕಿ ತೆರಿಗೆ ತಿಳಿಸಿರಿ. ಖರೀದಿ ಪತ್ರದ ಝೆರಾಕ್ಸ್ ಇಟ್ಟಿದ್ದೇನೆ."

ಮೂಲ ಪತ್ರ ಯಾರ ಕೈಗೂ ಕೊಡಬೇಡಿ. ಝೆರಾಕ್ಸ್ ಸಾಕು. ಅರ್ಜಿಯನ್ನು ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಡಿ. ಇನ್ನೊಂದರ ಮೇಲೆ ಶಿಕ್ಕಾ, ತಾರೀಖು ಹಾಕಿಸಿಕೊಂಡು ಮನೆಗೆ ತನ್ನಿ. ಹೋಗಲು ಆಗದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಉತ್ತರ ಬರಲೇ ಇಲ್ಲ ಎನ್ನಿ. ಆಗ ಮಾಹಿತಿ ಹಕ್ಕು ಕಾಯಿದೆ ಇದೆ. ಅದು 2005ರ ಕಾಯಿದೆ. ಅರ್ಜಿಗೆ 10 ರೂಪಾಯಿ ಶುಲ್ಕ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದ ಒಳಗೆ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ತಪ್ಪು ಆಫೀಸಿಗೆ ಹೋಗಿದ್ದರೆ 5 ದಿನದೊಳಗೆ ಅವರೇ ಸರಿಯಾದ ಆಫೀಸಿಗೆ ದಾಟಿಸಬೇಕು. ಮಗನ ಮೊದಲ ಕಾಗದ ಸಾದಾ ಪತ್ರ, ಅದಕ್ಕೆ ಈ ದಿನಗಳ ಲೆಕ್ಕ ಇರಲಿಲ್ಲ. ಇನ್ನೊಂದು ಮಾತು. ಈ ಅರ್ಜಿ ಹಾಕುವ ಹಕ್ಕು ಭಾರತದ ಪ್ರಜೆಗಳಿಗೆ ಮಾತ್ರ. ಮಗ ಪರದೇಶದಲ್ಲಿ ಇದ್ದರೂ ಭಾರತದ ಪ್ರಜೆಯೇ ಆಗಿದ್ದರೆ ಹಾಕಬಹುದು. ಬೇರೆ ದೇಶದ ಪ್ರಜೆ ಆಗಿದ್ದರೆ ಆಗದು. ಆಗ ತಾಯಿಯ ಸಹಿಯೇ ಬೇಕು.

ಆಸ್ತಿ ನಂಬರು ಸಿಕ್ಕ ಮೇಲೆ ಅದೇ ಪಂಚಾಯತಿಯಲ್ಲಿ ಹೆಸರು ಬದಲಾಯಿಸಲು ಅರ್ಜಿ ಕೊಡಬೇಕು. ಜೊತೆಗೆ ತಂದೆಯ ಮರಣ ಪತ್ರ, ವಂಶಾವಳಿ ಬೇಕು. ತಂದೆ ಸ್ವಂತ ದುಡ್ಡಿನಲ್ಲಿ ಕೊಂಡ ಜಾಗಾ ಇದು. ಅವರು ಮೃತ್ಯುಪತ್ರ ಬರೆದಿಟ್ಟಿಲ್ಲ. ಹೀಗಿದ್ದರೆ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ತಂದೆಯ ತಾಯಿ ಬದುಕಿದ್ದರೆ ಅವರಿಗೂ ಒಂದು ಪಾಲು. ವಂಶಾವಳಿಯಲ್ಲಿ ಮದುವೆಯಾಗಿ ಹೋದ ಮಗಳ ಹೆಸರನ್ನು ಬಿಡುವುದು ನಮ್ಮಲ್ಲಿ ರೂಢಿ. ಬಿಡಬಾರದು. ಬಿಟ್ಟರೆ ಮುಂದೆ ತಕರಾರು ಬರುತ್ತದೆ.

ಸರಿದ ಗಡಿಕಲ್ಲಿನ ಕೆಲಸ ಪಂಚಾಯತಿಯದಲ್ಲ. ಸರ್ವೆ ನಂಬರಿನ ಹದ್ದು ಅಳೆಸಲು ಬ್ಯಾಡಗಿಯ ಭೂಮಾಪನ ಕಚೇರಿಗೆ ಅರ್ಜಿ ಕೊಟ್ಟು, ಶುಲ್ಕ ತುಂಬಬೇಕು. ಅಳೆಯಲು ಬರುವ ದಿನ ಪಕ್ಕದ ಜಾಗಾದವರಿಗೂ ನೋಟೀಸು ಹೋಗುತ್ತದೆ. ಆ ದಿನ ತಾಯಿ ಖರೀದಿ ಪತ್ರ ಹಿಡಿದು ಅಲ್ಲಿ ನಿಂತಿರಬೇಕು.